ಅಂಕಿ ತಾಳೆಯಾದ ಮಾತ್ರಕ್ಕೆ ಸುದ್ದಿ ಸರಿಯಾಗದು

ಆರೋಗ್ಯದ ಸುದ್ದಿಯೊಂದನ್ನು ಅದರ ಮೂಲ ಅಧ್ಯಯನದ ಜೊತೆ ಹೋಲಿಸಿ ವರದಿ ಬರೆಯುವುದು ಮಾಧ್ಯಮ ಸಾಕ್ಷರತೆಯ ತರಗತಿಗಳಲ್ಲಿ ಕೊಡುವ ಮಾಮೂಲಿ ಅಸೈನ್‌ಮೆಂಟ್. ಅದನ್ನು ಮಾಡುವ ಕ್ರಮವೂ ಹೆಚ್ಚುಕಡಿಮೆ ಗೊತ್ತುಪಡಿಸಿದ್ದೇ. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಗಡೆ ಸುದ್ದಿ ಹೇಳಿದ್ದು, ಬಲಗಡೆ ಅಧ್ಯಯನ ಹೇಳಿದ್ದು ಎಂದು ಬರೆಯುತ್ತಾರೆ. ಅಧ್ಯಯನಕ್ಕೆ ಒಳಪಟ್ಟವರು ಎಷ್ಟು ಮಂದಿ, ಫಲಿತಾಂಶ ಎಷ್ಟು ಶೇಕಡಾ, ವಿಜ್ಞಾನಿ ಯಾರು, ವಿಶ್ವವಿದ್ಯಾಲಯ ಯಾವುದು ಎಂಬುದನ್ನು ಒಂದೊಂದಾಗಿ ತಾಳೆ ನೋಡುತ್ತಾರೆ. ಎರಡೂ ಕಡೆ ಒಂದೇ ಇದ್ದರೆ ಸುದ್ದಿ ನಂಬಲರ್ಹ. ವ್ಯತ್ಯಾಸ ಕಂಡರೆ ವರದಿಗಾರ ತಪ್ಪಿತಸ್ಥ. ಈ ಪದ್ಧತಿಯ ಹಿಂದೆ ಎರಡು ನಂಬಿಕೆಗಳಿವೆ. ಅಧ್ಯಯನ ಎಂಬುದು ಅಸಲಿ ದಾಖಲೆ, ಸುದ್ದಿ ಅದರ ನಕಲು ಎಂಬುದು ಒಂದು. ಆರೋಗ್ಯದ ಸುದ್ದಿ ಕೆಡುವುದು ಪತ್ರಿಕೆಯ ಕಚೇರಿಯಲ್ಲಿ ಎಂಬುದು ಇನ್ನೊಂದು. ಎರಡೂ ತಪ್ಪು. ಈ ಕ್ರಮದಲ್ಲಿ ಶ್ರದ್ಧೆಯಿಂದ ಕೆಲಸ ಮಾಡಿದ ವಿದ್ಯಾರ್ಥಿ ತೀರಾ ದುರ್ಬಲವಾದ ಸುದ್ದಿಗೂ ಪೂರ್ಣ ಅಂಕ ಕೊಟ್ಟುಬಿಡಬಹುದು.

2024ರ ಮಾರ್ಚ್ ತಿಂಗಳ ಪ್ರಕರಣವೊಂದನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಆ ತಿಂಗಳ 18ರಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಷಿಕಾಗೋದಲ್ಲಿ ನಡೆಯುತ್ತಿದ್ದ ತನ್ನ ಸಮ್ಮೇಳನದ ಸಂದರ್ಭದಲ್ಲಿ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ದಿನದ ಊಟವನ್ನೆಲ್ಲ 8 ಗಂಟೆಯ ಅವಧಿಯೊಳಗೆ ಮುಗಿಸುವವರಿಗೆ ಹೃದ್ರೋಗ, ಪಾರ್ಶ್ವವಾಯುವಿನಂಥ ಕಾಯಿಲೆಗಳಿಂದ ಸಾಯುವ ಅಪಾಯ ಶೇ. 91ರಷ್ಟು ಹೆಚ್ಚು ಎಂಬುದು ಅದರ ತಲೆಬರಹದ ಸಾರ. ತೂಕ ಇಳಿಸಲು ಹೊರಟವರೆಲ್ಲ ಇಂಟರ್ಮಿಟೆಂಟ್ ಫಾಸ್ಟಿಂಗ್ ಹಿಡಿದಿದ್ದ ಕಾಲ ಅದು. ಸುದ್ದಿ ಒಂದೇ ದಿನದಲ್ಲಿ ಜಗತ್ತನ್ನೆಲ್ಲ ಸುತ್ತಿತು. ರಾತ್ರಿ ಊಟ ಬಿಟ್ಟವರು, ಬೆಳಗಿನ ತಿಂಡಿ ಬಿಟ್ಟವರು ತಮ್ಮ ಹೃದಯದ ಬಗ್ಗೆ ಗಾಬರಿಯಾದರು.

ಈಗ ಗೆರೆ ಎಳೆದ ಹಾಳೆಯಲ್ಲಿ ಈ ಸುದ್ದಿಯನ್ನು ಪರೀಕ್ಷೆಗೆ ಇಡೋಣ. ಸುದ್ದಿಯಲ್ಲಿ ಸುಮಾರು 20,000 ವಯಸ್ಕರು ಎಂದಿದೆ, ಮೂಲದಲ್ಲೂ ಅಷ್ಟೇ. ಶೇ. 91 ಎಂದಿದೆ; ಮೂಲದಲ್ಲೂ ಹಾಗೇ ಇದೆ. ಸಂಶೋಧಕರ ತಂಡದ ಮುಖ್ಯಸ್ಥರು ಶಾಂಘೈ ಜಿಯಾವ್ ಟಾಂಗ್ ವಿಶ್ವವಿದ್ಯಾಲಯದ ವಿಕ್ಟರ್ ವೆಂಝೆ ಜೋಂಗ್ ಎಂದಿದೆ, ಅದೂ ಸರಿ. ಸರಾಸರಿ 8 ವರ್ಷ, ಕೆಲವರನ್ನು 17 ವರ್ಷದವರೆಗೂ ಗಮನಿಸಲಾಗಿತ್ತು ಎಂಬುದೂ ಸರಿ. ತಾಳೆ ನೋಡುವ ವಿಧಾನದ ಪ್ರಕಾರ ಇದಕ್ಕಿಂತ ಪ್ರಾಮಾಣಿಕವಾದ ಸುದ್ದಿ ಸಿಗುವುದು ಕಷ್ಟ. ವಿದ್ಯಾರ್ಥಿ ಹಾಳೆಯ ಕೊನೆಯಲ್ಲಿ ಸುದ್ದಿ ಅಧ್ಯಯನಕ್ಕೆ ನಿಷ್ಠವಾಗಿದೆ ಎಂದು ಬರೆದು ಮುಗಿಸುತ್ತಾನೆ. ಆ ತೀರ್ಪು ಅಕ್ಷರಶಃ ನಿಜ. ಓದುಗರಿಗೆ ಅದರಿಂದ ಕವಡೆಯಷ್ಟೂ ಉಪಯೋಗವಿಲ್ಲ.

ಮೊದಲ ತೊಡಕು ಮೂಲ ಎಂಬ ಮಾತಿನಲ್ಲೇ ಇದೆ. ಸುದ್ದಿ ಹೊರಬಿದ್ದ ದಿನ ಹೋಲಿಸಿ ನೋಡಲು ಪೂರ್ಣ ಪ್ರಬಂಧವೇ ಇರಲಿಲ್ಲ. ಇದ್ದದ್ದು ಸಮ್ಮೇಳನಕ್ಕೆ ಸಲ್ಲಿಸಿದ ಒಂದು ಚಿಕ್ಕ ಸಾರಾಂಶ, ಅಲ್ಲಿ ಪ್ರದರ್ಶಿಸಿದ ಪೋಸ್ಟರು, ಜೊತೆಗೆ ಆ ಪತ್ರಿಕಾ ಪ್ರಕಟಣೆ. ವೈದ್ಯಕೀಯ ಪತ್ರಿಕೆಗಳಲ್ಲಿ ಒಂದು ಪ್ರಬಂಧ ಅಚ್ಚಾಗುವ ಮೊದಲು ಅದೇ ಕ್ಷೇತ್ರದ ತಜ್ಞರು ಅದನ್ನು ಓದಿ, ಪ್ರಶ್ನೆ ಕೇಳಿ, ತಿದ್ದಿಸುತ್ತಾರೆ. ಸಮ್ಮೇಳನದ ಸಾರಾಂಶಕ್ಕೆ ಆ ಬಗೆಯ ಪರಿಶೀಲನೆ ಇರುವುದಿಲ್ಲ. ಇದನ್ನು ಅಸೋಸಿಯೇಷನ್ನಿನ ಪ್ರಕಟಣೆಯೂ ಹೇಳಿತ್ತು. ಹೀಗಿದ್ದೂ ‘ಅಧ್ಯಯನ ಹೇಳುತ್ತದೆ’ ಎಂಬ ಒಂದೇ ಮಾತಿನಡಿ ಪೋಸ್ಟರು, ಪ್ರಬಂಧ, ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆ ಎಲ್ಲವೂ ಸರಿಸಮಾನವಾಗಿ ಬಂದು ಕೂರುತ್ತವೆ. ಬಲಗಡೆಯ ಕಾಲಂ ತುಂಬುವ ಮೊದಲು ಅಲ್ಲಿ ಇಡುತ್ತಿರುವ ಕಾಗದ ಯಾವ ದರ್ಜೆಯದು ಎಂದು ಕೇಳದ ಅಸೈನ್‌ಮೆಂಟ್ ಆರಂಭದಲ್ಲೇ ಎಡವುತ್ತದೆ.

ಎರಡನೆಯದು, ಅಳತೆಯ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಡೀ ಪ್ರಕರಣದ ಹುಳುಕು ಇರುವುದು ಇಲ್ಲೇ. ‘8 ಗಂಟೆಯ ಉಪವಾಸ ಕ್ರಮ’ ಎಂದು ಸುದ್ದಿಯಲ್ಲಿ ಓದಿದವರ ಕಣ್ಣ ಮುಂದೆ ಬರುವುದು, ವರ್ಷಗಟ್ಟಲೆ ಬೇಕೆಂದೇ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಉಂಡು, ಉಳಿದ 16 ಗಂಟೆ ಹೊಟ್ಟೆ ಖಾಲಿ ಬಿಟ್ಟವರ ಚಿತ್ರ. ಸಂಶೋಧಕರು ಅಂಥವರನ್ನು ಹುಡುಕಿ ತಂದಿರಲಿಲ್ಲ. ಅವರು ಬಳಸಿದ್ದು ಅಮೆರಿಕದ ಸರ್ಕಾರ ನಿರಂತರವಾಗಿ ನಡೆಸುವ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣಾ ಸಮೀಕ್ಷೆಯ ಹಳೆಯ ಮಾಹಿತಿ. 2003ರಿಂದ 2018ರವರೆಗೆ ಆ ಸಮೀಕ್ಷೆಯಲ್ಲಿ ಪಾಲ್ಗೊಂಡವರ ಆಹಾರದ ವಿವರ ತೆಗೆದುಕೊಂಡು, 2019ರ ಡಿಸೆಂಬರ್ ವರೆಗಿನ ಮರಣ ದಾಖಲೆಗಳ ಜೊತೆ ಜೋಡಿಸಿದರು. ಆಹಾರದ ವಿವರ ಸಿಕ್ಕಿದ್ದು ಹೇಗೆ? ‘ನಿನ್ನೆ ಏನೇನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ’ ಎಂದು ಕೇಳಿ. ಹೀಗೆ ಕೇಳಿದ್ದು ಎರಡು ಸಲ: ಒಮ್ಮೆ ಎದುರುಬದುರು ಕೂತು, ಕೆಲವು ದಿನ ಬಿಟ್ಟು ಇನ್ನೊಮ್ಮೆ ಫೋನಿನಲ್ಲಿ. ಅಂದರೆ ಒಬ್ಬ ಮನುಷ್ಯನ ಎರಡು ದಿನಗಳ ನೆನಪು.

ಇಂಥ ಎರಡು ದಿನಗಳನ್ನು ಊಹಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಒಬ್ಬಾತ ಜ್ವರ ಬಂದು ಬಾಯಿ ರುಚಿ ಕೆಟ್ಟು ಬೆಳಿಗ್ಗೆ ಹತ್ತಕ್ಕೆ ಒಂದಿಷ್ಟು, ಸಂಜೆ ಐದಕ್ಕೆ ಒಂದಿಷ್ಟು ತಿಂದು ಮಲಗಿದ್ದ. ಇನ್ನೊಬ್ಬಾಕೆ ಎರಡು ಪಾಳಿ ಕೆಲಸ ಮಾಡುವವಳು, ಊಟಕ್ಕೆ ಬಿಡುವಿಲ್ಲ. ಮತ್ತೊಬ್ಬನ ಬಳಿ ತಿಂಗಳ ಕೊನೆಗೆ ಮೂರು ಹೊತ್ತು ಉಣ್ಣಲು ಹಣವಿಲ್ಲ. ನಾಲ್ಕನೆಯವನು ಸಿಗರೇಟು ಸೇದಿಯೇ ಹಸಿವು ಮರೆಯುವವನು. ಲೆಕ್ಕದಲ್ಲಿ ಈ ನಾಲ್ವರೂ 8 ಗಂಟೆಯೊಳಗೆ ಉಂಡವರೇ. ತೂಕ ಇಳಿಸಲೆಂದು ಗಡಿಯಾರ ನೋಡಿ ಉಂಡ ಐದನೆಯವನಿದ್ದರೆ ಅವನೂ ಅದೇ ಗುಂಪಿಗೆ ಸೇರುತ್ತಾನೆ. ಆದರೆ ಈ ಮಾಹಿತಿ ಶುರುವಾಗುವ 2003ರ ಹೊತ್ತಿಗೆ ಈ ಪಥ್ಯ ಜನರಲ್ಲಿ ಹಬ್ಬಿಯೇ ಇರಲಿಲ್ಲ. ಮೊದಲ ನಾಲ್ವರಲ್ಲಿ ಹೃದ್ರೋಗ ಹೆಚ್ಚಿದ್ದರೆ ಅದಕ್ಕೆ ಊಟದ ಅವಧಿ ಚಿಕ್ಕದಾದದ್ದೇ ಕಾರಣವೋ, ಅವಧಿಯನ್ನು ಚಿಕ್ಕದು ಮಾಡಿದ ಕಾಯಿಲೆ, ಬಡತನ, ದುಡಿಮೆ, ಹೊಗೆ ಕಾರಣವೋ? ವಯಸ್ಸು, ಧೂಮಪಾನ, ಆದಾಯ ಮೊದಲಾದವನ್ನು ಅಂಕಿಅಂಶದ ವಿಧಾನಗಳಿಂದ ಸರಿದೂಗಿಸುವ ಕ್ರಮವೇನೋ ಇದೆ. ಆದರೆ ಕೇಳಿ ದಾಖಲಿಸಿದ್ದನ್ನು ಮಾತ್ರ ಸರಿದೂಗಿಸಬಹುದು. ಕೇಳದೇ ಬಿಟ್ಟದ್ದನ್ನು ಆಗದು.

ಇದನ್ನು ಬಯಲು ಮಾಡಲು ಹೊರಗಿನ ವಿಮರ್ಶಕರೇ ಬರಬೇಕಿರಲಿಲ್ಲ. ಅದೇ ಪ್ರಕಟಣೆಯ ಕೆಳಭಾಗದಲ್ಲಿ, ಸಂಬಂಧ ಕಂಡುಬಂದಿದೆ ಎಂದರೆ ಸಾವಿಗೆ ಅದೇ ಕಾರಣ ಎಂದರ್ಥವಲ್ಲ ಎಂದು ಜೋಂಗ್ ಅವರೇ ಹೇಳಿದ್ದರು. ಅಧ್ಯಯನದಲ್ಲಿ ಭಾಗಿಯಾಗದ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್, ಬೇರೆ ಬೇರೆ ಗುಂಪಿನವರ ಹಿನ್ನೆಲೆ, ತೂಕ, ಮಾನಸಿಕ ಒತ್ತಡ ಮೊದಲಾದವುಗಳ ವಿವರ ಬಂದ ಹೊರತು ಏನೂ ಹೇಳಲಾಗದು ಎಂಬ ಅರ್ಥದ ಮಾತಾಡಿದ್ದರು. ಎಚ್ಚರಿಕೆಯೆಲ್ಲ ಒಳಗಿತ್ತು, ತಲೆಬರಹದಲ್ಲಿದ್ದದ್ದು 91 ಮಾತ್ರ. ತಲೆಬರಹಕ್ಕೆ ಹೊಂದುವ ಸುದ್ದಿಯನ್ನೂ ಒಳಗಿನ ಮಾತಿಗೆ ಹೊಂದುವ ಸುದ್ದಿಯನ್ನೂ ಒಂದೇ ಪ್ರಕಟಣೆಯಿಂದ ಬರೆಯಲು ಸಾಧ್ಯವಿತ್ತು, ಎರಡೂ ತಾಳೆಯಾಗುತ್ತಿದ್ದವು. ಮೂಲ ದಾಖಲೆಯೇ ಎರಡು ನಾಲಿಗೆಯಲ್ಲಿ ಮಾತಾಡಿದಾಗ ಅದಕ್ಕೆ ನಿಷ್ಠವಾಗಿರುವುದು ಎಂದರೇನು ಎಂಬುದು ತಾಳೆಪಟ್ಟಿಯವರು ಉತ್ತರಿಸಬೇಕಾದ ಪ್ರಶ್ನೆ.

ಇನ್ನು 91ರ ಮಾತು. 20,000 ಜನರ ಅಧ್ಯಯನ ಎಂದೊಡನೆ ಓದುಗರಿಗೆ ಭರವಸೆ ಮೂಡುತ್ತದೆ. ಆದರೆ 8 ಗಂಟೆಯೊಳಗೆ ಉಂಡವರ ಗುಂಪಿನಲ್ಲಿ ಇದ್ದದ್ದು 414 ಮಂದಿ, ಅಂದರೆ ನೂರಕ್ಕೆ ಇಬ್ಬರು. ಹೋಲಿಕೆ ನಡೆದದ್ದು ದಿನದಲ್ಲಿ 12ರಿಂದ 16 ಗಂಟೆಯ ಅವಧಿಯಲ್ಲಿ ಉಣ್ಣುವವರ ಜೊತೆ. ಒಟ್ಟಾರೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸತ್ತವರು ಸುಮಾರು 840. ಇಲ್ಲೊಂದು ಸ್ಥೂಲ ಲೆಕ್ಕ ಹಾಕಬಹುದು. ವಯಸ್ಸು ಮೊದಲಾದವನ್ನು ಸರಿದೂಗಿಸದ ಒರಟು ಲೆಕ್ಕ ಇದು, ಪ್ರಮಾಣದ ಅಂದಾಜು ಸಿಗಲಿ ಎಂದಷ್ಟೇ. 20,000ದಲ್ಲಿ 840 ಎಂದರೆ ನೂರಕ್ಕೆ ಸುಮಾರು 4. ಅದೇ ದರದಲ್ಲಿ 414 ಮಂದಿಯಲ್ಲಿ 17 ಸಾವುಗಳನ್ನು ನಿರೀಕ್ಷಿಸಬೇಕು. ಅದಕ್ಕಿಂತ ಶೇ. 91 ಹೆಚ್ಚು ಎಂದರೆ 32 ಅಥವಾ 33. ಜಗತ್ತಿನಾದ್ಯಂತ ಸುದ್ದಿಯಾದ ಅಂಕಿ ನಿಂತಿರುವುದು ಇಂಥ ಹದಿನೈದು ಹದಿನಾರು ಹೆಚ್ಚುವರಿ ಸಾವುಗಳ ಮೇಲೆ. ಸಂಖ್ಯೆ ಇಷ್ಟು ಸಣ್ಣದಿದ್ದಾಗ ಐದಾರು ಜನ ಆ ಕಡೆಯಿಂದ ಈ ಕಡೆಗೆ ಬಂದರೂ 91 ಎಂಬುದು 50ಕ್ಕೆ ಇಳಿಯಬಹುದು, 130ಕ್ಕೆ ಏರಲೂಬಹುದು. ಹೀಗೆ ಬದಲಾಗಲು ಯಾರೂ ಸಾಯಬೇಕಿಲ್ಲ, ಬದುಕಬೇಕಿಲ್ಲ. ಫೋನಿನಲ್ಲಿ ಸಂಜೆಯ ಒಂದು ಕಪ್ ಹಾಲು ಹೇಳಲು ಮರೆತವರು ಕೆಲವರಿದ್ದರೆ ಸಾಕು, ಅವರು ಗುಂಪು ಬದಲಿಸುತ್ತಾರೆ.

ಅಪಾಯ ಶೇ. 91 ಹೆಚ್ಚು ಎಂಬುದನ್ನು ಉಪವಾಸ ಮಾಡುವ ನೂರು ಜನರಲ್ಲಿ 91 ಮಂದಿ ಸಾಯುತ್ತಾರೆ ಎಂದು ಓದಿಕೊಳ್ಳುವವರಿಗೂ ಕೊರತೆಯಿಲ್ಲ. ಮೇಲಿನ ಲೆಕ್ಕದ ಪ್ರಕಾರ ಎಂಟು ವರ್ಷಗಳಲ್ಲಿ ನೂರಕ್ಕೆ 4 ಇದ್ದದ್ದು 8ರ ಹತ್ತಿರ ಹೋಯಿತು ಎಂಬುದೇ ಅದರ ಅರ್ಥ. ಅದು ಸಣ್ಣದೇನಲ್ಲ. ನಿಜವಾಗಿ ಉಪವಾಸವೇ ಕಾರಣವಾಗಿದ್ದರೆ ಚಿಂತಿಸಬೇಕಾದ ಸಂಗತಿಯೇ. ಆದರೆ 91 ಎಂಬ ಅಂಕಿ ಹುಟ್ಟಿಸುವ ದಿಗಿಲೇ ಬೇರೆ, ನೂರಕ್ಕೆ ನಾಲ್ಕು ಎಂಟಾಯಿತು ಎಂಬ ಮಾತು ಮೂಡಿಸುವ ತಿಳಿವಳಿಕೆಯೇ ಬೇರೆ. ಎರಡೂ ಒಂದೇ ಮೂಲದಿಂದ ಬಂದವು, ಎರಡೂ ತಾಳೆಯಾಗುತ್ತವೆ. ಎಡಬಲ ಹೋಲಿಸುವವರು ಇವುಗಳ ನಡುವಿನ ವ್ಯತ್ಯಾಸವನ್ನು ಎಲ್ಲಿ ಬರೆಯುತ್ತಾರೆ? ಅವರ ಹಾಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಸುದ್ದಿಯಲ್ಲಿ ಇರುವುದನ್ನು ಮಾತ್ರ ಮೂಲದಲ್ಲಿ ಹುಡುಕುವ ಅಭ್ಯಾಸದಿಂದ ಇನ್ನೊಂದು ಅನಾಹುತವಿದೆ: ಸುದ್ದಿಗೆ ಬಾರದೇ ಉಳಿದದ್ದು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ. ಅದೇ ಪ್ರಕಟಣೆಯಲ್ಲಿ, ಎಲ್ಲ ಕಾರಣಗಳಿಂದಾದ ಸಾವನ್ನು ಒಟ್ಟಿಗೆ ತೆಗೆದುಕೊಂಡರೆ ಊಟದ ಅವಧಿ ಕಡಿಮೆ ಮಾಡಿದ್ದರಿಂದ ಸಾವಿನ ಅಪಾಯ ತಗ್ಗಲಿಲ್ಲ ಎಂಬ ಮಾತಿತ್ತು. ಒಟ್ಟು ಸಾವಿನ ಲೆಕ್ಕದಲ್ಲಿ ಹೃದ್ರೋಗದಂಥ ಭಾರೀ ಏರಿಕೆಯೂ ಇರಲಿಲ್ಲ. ಹೃದ್ರೋಗದ ಸಾವು ಇಮ್ಮಡಿಯ ಹತ್ತಿರ ಹೋಗಿ ಒಟ್ಟು ಸಾವು ಅದಕ್ಕೆ ತಕ್ಕಂತೆ ಮೇಲೇಳದಿದ್ದರೆ ಒಂದು ಪ್ರಶ್ನೆ ಏಳಲೇಬೇಕು: ಬೇರೆ ಕಾರಣದ ಸಾವುಗಳು ಕಡಿಮೆಯಾದವೇ, ಅಥವಾ ಸಣ್ಣ ಗುಂಪಿನಲ್ಲಿ ಅಂಕಿಗಳು ಹೊಯ್ದಾಡುತ್ತಿವೆಯೇ? ಇನ್ನೂ ಮಜವಾದ ಸಾಲೊಂದು ಅದರಲ್ಲಿತ್ತು. ಕ್ಯಾನ್ಸರ್ ಇರುವವರಲ್ಲಿ, ದಿನಕ್ಕೆ 16 ಗಂಟೆಗೂ ಹೆಚ್ಚಿನ ಅವಧಿಯಲ್ಲಿ ಉಣ್ಣುವವರು ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ ಕಡಿಮೆಯಂತೆ. ಅದೇ ಸಮೀಕ್ಷೆ, ಅದೇ ಎರಡು ದಿನಗಳ ನೆನಪು, ಅದೇ ಲೆಕ್ಕ. ಹಾಗೆಂದು ‘ಬೆಳಗಿನಿಂದ ನಡುರಾತ್ರಿವರೆಗೆ ತಿನ್ನುತ್ತಿದ್ದರೆ ಕ್ಯಾನ್ಸರ್ ಕೊಲ್ಲದು’ ಎಂಬ ತಲೆಬರಹ ಎಲ್ಲೂ ರಾರಾಜಿಸಲಿಲ್ಲ. ಅಷ್ಟೊಂದು ತಿನ್ನುವ ಶಕ್ತಿ ಉಳಿದಿರುವ ರೋಗಿ ಮೊದಲೇ ಗಟ್ಟಿಯಾಗಿದ್ದಾನು ಎಂದು ಯಾರಿಗಾದರೂ ಹೊಳೆಯುತ್ತದೆ. ಇಲ್ಲಿ ಹೊಳೆಯುವ ಅನುಮಾನ 8 ಗಂಟೆಯವರ ವಿಷಯದಲ್ಲಿ ಹೊಳೆಯದಿದ್ದುದಕ್ಕೆ ಕಾರಣ, ಆ ಫಲಿತಾಂಶ ಆಗ ಚಾಲ್ತಿಯಲ್ಲಿದ್ದ ಫ್ಯಾಷನ್ನಿಗೆ ಪೆಟ್ಟು ಕೊಡುವಂತಿತ್ತು ಎಂಬುದಷ್ಟೇ.

ತಾಳೆಪಟ್ಟಿಯ ಎರಡನೆಯ ನಂಬಿಕೆ, ಅಂದರೆ ಸುದ್ದಿಯನ್ನು ಕೆಡಿಸುವವರು ಪತ್ರಕರ್ತರೇ ಎಂಬುದಕ್ಕೆ ಬಂದರೆ, ಅದನ್ನು ಅಳೆದು ನೋಡಿದವರಿದ್ದಾರೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಪೆಟ್ರೋಕ್ ಸಮ್ನರ್ ಮತ್ತು ಸಂಗಡಿಗರು 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳು ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳು, ಅವುಗಳ ಮೂಲ ಪ್ರಬಂಧಗಳು, ಅವುಗಳಿಂದ ಹುಟ್ಟಿದ ಸುದ್ದಿಗಳು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬರೇ ಸಂಬಂಧ ಕಂಡದ್ದನ್ನು ಕಾರಣವೆಂಬಂತೆ ಹೇಳುವ ಅತಿಶಯೋಕ್ತಿ ಮೂರನೇ ಒಂದು ಭಾಗದಷ್ಟು ಪ್ರಕಟಣೆಗಳಲ್ಲೇ ಇತ್ತು. ಪ್ರಕಟಣೆಯಲ್ಲಿ ಈ ಅತಿಶಯೋಕ್ತಿ ಇದ್ದಾಗ ಶೇ. 81ರಷ್ಟು ಸುದ್ದಿಗಳಲ್ಲಿ ಅದು ಕಾಣಿಸಿಕೊಂಡಿತು. ಪ್ರಕಟಣೆಯಲ್ಲಿ ಇಲ್ಲದಿದ್ದಾಗ ಸುದ್ದಿಯಲ್ಲಿ ಕಂಡದ್ದು ಶೇ. 18ರಷ್ಟು. ಇಲಿಗಳ ಮೇಲೆ ನಡೆದದ್ದನ್ನು ಮನುಷ್ಯರಿಗೆ ಅನ್ವಯಿಸಿಬಿಡುವ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು: ಶೇ. 86 ಮತ್ತು ಶೇ. 10. ಇದೂ ಗಮನಿಸಿ ನೋಡಿದ ಅಧ್ಯಯನವೇ, ಪ್ರಯೋಗವಲ್ಲ. ಪ್ರಕಟಣೆಯೇ ಸುದ್ದಿಯನ್ನು ಕೆಡಿಸಿತು ಎಂದು ಇದರಿಂದ ಖಚಿತವಾಗಿ ಸಾಧಿಸಿದಂತಾಗದು ಎಂದು ಇಲ್ಲೂ ಹೇಳಬೇಕು. ಹಾಗಿದ್ದರೂ ಅತಿಶಯೋಕ್ತಿ ಪತ್ರಿಕೆಯ ಡೆಸ್ಕಿಗೆ ಬರುವ ಮೊದಲೇ ಕಾಗದದಲ್ಲಿತ್ತು ಎಂಬುದು ಕಣ್ಣೆದುರಿನ ಸಂಗತಿ, ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪ್ರಕಟಣೆ ಬರೆಯುವವರು ವಿಶ್ವವಿದ್ಯಾಲಯದ ಅಥವಾ ಸಂಘದ ಪ್ರಚಾರ ವಿಭಾಗದವರು. ಅವರ ಕೆಲಸ ತಮ್ಮ ಸಂಸ್ಥೆಯ ಹೆಸರು ಪತ್ರಿಕೆಗಳಲ್ಲಿ ಬರುವಂತೆ ನೋಡಿಕೊಳ್ಳುವುದು. ಸಂಶೋಧಕರು ಅದನ್ನು ಓದಿ ಒಪ್ಪಿಗೆ ಕೊಡುವುದೂ ವಾಡಿಕೆ. ಕನ್ನಡದ ಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿಯ ಉಪಸಂಪಾದಕರ ಕೈಗೆ ಬರುವುದು ಈ ಪ್ರಕಟಣೆಯೂ ಅಲ್ಲ, ಸುದ್ದಿಸಂಸ್ಥೆ ಅದನ್ನು ಹತ್ತು ಪ್ಯಾರಾಕ್ಕೆ ಇಳಿಸಿ ಇಂಗ್ಲಿಷಿನಲ್ಲಿ ಕಳಿಸಿದ ಪ್ರತಿ. ಅದನ್ನು ಐದು ಪ್ಯಾರಾಕ್ಕೆ ಅನುವಾದಿಸಿ ಪುಟಕ್ಕೆ ಕೂರಿಸಲು ಸಿಗುವುದು ಅರ್ಧ ಗಂಟೆ. ಕೆಳಗಿನ ಪ್ಯಾರಾಗಳು, ಅಂದರೆ ಎಚ್ಚರಿಕೆಯ ಮಾತುಗಳಿರುವ ಪ್ಯಾರಾಗಳೇ, ಮೊದಲು ಕತ್ತರಿಗೆ ಸಿಗುತ್ತವೆ. ಉಪಸಂಪಾದಕರಿಗೆ ಇದರಲ್ಲಿ ಪಾಲಿಲ್ಲ ಎಂದಲ್ಲ. ಆದರೆ ಮೊದಲ ಎರಡು ಮೆಟ್ಟಿಲು ದಾಟಿ ಮೂರನೆಯದರಲ್ಲಿ ನಿಂತವರ ಮೇಲೆ ಇಡೀ ತಪ್ಪು ಹೊರಿಸಿ, ವಿಜ್ಞಾನ ಸಂಸ್ಥೆಗಳಿಗೆ ಸದ್ದಿಲ್ಲದೆ ಕ್ಷಮಾದಾನ ಕೊಡುವುದನ್ನು ಮಾಧ್ಯಮ ಸಾಕ್ಷರತೆ ಎನ್ನಲಾಗದು.

ತಾಳೆಪಟ್ಟಿಯನ್ನು ಟೀಕಿಸುವವರಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ: ಗಮನಿಸಿ ನೋಡಿದ ಅಧ್ಯಯನಗಳೆಲ್ಲ ಬೊಗಳೆ, ನಾಳೆ ಇದಕ್ಕೆ ವಿರುದ್ಧವಾದ ಇನ್ನೊಂದು ಬರುತ್ತದೆ ಎಂದು. ಇದು ಸೋಮಾರಿಗಳ ವಾದ. ಸಿಗರೇಟು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂದು ಗೊತ್ತಾದದ್ದೂ ಮುಖ್ಯವಾಗಿ ಇಂಥ ಅಧ್ಯಯನಗಳಿಂದಲೇ. ಅಲ್ಲಿ ಅಪಾಯ ಹತ್ತಾರು ಪಟ್ಟು ಹೆಚ್ಚಿತ್ತು, ಹೆಚ್ಚು ಸೇದಿದವರಿಗೆ ಹೆಚ್ಚು, ಬಿಟ್ಟವರಿಗೆ ಕಡಿಮೆ ಎಂಬ ಕ್ರಮವಿತ್ತು, ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಅದೇ ಕಂಡಿತ್ತು. 8 ಗಂಟೆಯ ಊಟದ ವಿಷಯ ಅಷ್ಟು ದೂರ ಹೋಗಿಲ್ಲ ಎಂಬುದಷ್ಟೇ ವ್ಯತ್ಯಾಸ. ಅದು ಅಲ್ಲಿಗೇ ನಿಲ್ಲಲೂ ಇಲ್ಲ. 2025ರಲ್ಲಿ ಆ ಕೆಲಸ ತಜ್ಞರ ಪರಿಶೀಲನೆಗೆ ಒಳಪಟ್ಟು ಮಧುಮೇಹ ಕ್ಷೇತ್ರದ ಪತ್ರಿಕೆಯೊಂದರಲ್ಲಿ ಪೂರ್ಣ ಪ್ರಬಂಧವಾಗಿ ಬಂತು. ಈ ಸಲ ತಲೆಬರಹಗಳಲ್ಲಿ ಕಂಡ ಅಂಕಿ ಶೇ. 135. ಹೋಲಿಕೆಯ ಗುಂಪು ಬದಲಾಗಿತ್ತು: ಮೊದಲು 12ರಿಂದ 16 ಗಂಟೆಯವರ ಜೊತೆ ಹೋಲಿಸಿದ್ದರೆ ಈಗ 12ರಿಂದ 14 ಗಂಟೆಯವರ ಜೊತೆ. ಒಟ್ಟು ಸಾವಿನ ಜೊತೆಗಿನ ಸಂಬಂಧ ಈ ಬಾರಿಯೂ ದುರ್ಬಲವಾಗಿಯೇ ಇತ್ತು. ಒಂದೇ ಸಮೀಕ್ಷೆಯ ಮಾಹಿತಿ ಒಮ್ಮೆ 91, ಇನ್ನೊಮ್ಮೆ 135 ಕೊಡುತ್ತದೆ ಎಂಬುದೇ ವಿದ್ಯಾರ್ಥಿ ಬರೆಯಬೇಕಾದ ಮುಖ್ಯ ಅಂಶ. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲಿಂದ ಅಳೆಯಲು ಶುರುಮಾಡಿದರು ಎಂಬುದರ ಮೇಲೆ ಅಂಕಿ ನಿಂತಿದೆ ಎಂದಷ್ಟೇ ಅದು ತಿಳಿಸುತ್ತದೆ. ಪೂರ್ಣ ಪ್ರಬಂಧ ಬಂದಮೇಲೂ ಎರಡು ದಿನಗಳ ನೆನಪು ಎರಡೇ ದಿನಗಳದ್ದು.

ಹಾಗಾದರೆ ಅಸೈನ್‌ಮೆಂಟ್ ಹೇಗಿರಬೇಕು ಎಂದರೆ, ಗೆರೆ ಒಂದಲ್ಲ, ಎರಡು ಎಳೆಯಬೇಕು. ಪ್ರಬಂಧ, ಪ್ರಕಟಣೆ, ಸುದ್ದಿ ಮೂರಕ್ಕೂ ಬೇರೆ ಬೇರೆ ಜಾಗ ಬೇಕು. ಆಗ ಯಾವ ಮಾತು ಯಾವ ಮೆಟ್ಟಿಲಿನಲ್ಲಿ ಉದುರಿತು, ಯಾವುದು ಎಲ್ಲಿ ಸೇರಿತು ಎಂಬುದು ತಾನಾಗಿ ಕಾಣುತ್ತದೆ. ಓದುವುದನ್ನು ಸಾರಾಂಶದಿಂದಲ್ಲ, ಪ್ರಬಂಧದ ವಿಧಾನದ ಭಾಗದಿಂದ ಆರಂಭಿಸಬೇಕು. ಸಾರಾಂಶವೂ ಒಂದು ಬಗೆಯ ಪ್ರಕಟಣೆಯೇ. ವಿಧಾನದ ಭಾಗದಲ್ಲಿ ಹುಡುಕಬೇಕಾದದ್ದು ಸುದ್ದಿಯ ಮುಖ್ಯ ಪದ: ಉಪವಾಸ, ಕಾಫಿ, ಒತ್ತಡ, ವ್ಯಾಯಾಮ, ಏನೇ ಇರಲಿ, ಅದನ್ನು ಅಳೆದದ್ದು ಹೇಗೆ, ಎಷ್ಟು ಸಲ. ಆಮೇಲೆ ಮೊದಲನೇ ಕೋಷ್ಟಕ. ಅಲ್ಲಿ ಪ್ರತಿ ಗುಂಪಿನಲ್ಲಿ ಎಷ್ಟು ಜನ, ಅವರ ವಯಸ್ಸು, ತೂಕ, ಸಿಗರೇಟು, ಆದಾಯ ಇರುತ್ತದೆ. ಗುಂಪುಗಳು ಮೊದಲಿನಿಂದಲೇ ಬೇರೆ ಬೇರೆಯಾಗಿದ್ದವೇ ಎಂಬುದಕ್ಕೆ ಉತ್ತರ ಸಿಗುವುದು ಇಲ್ಲಿ. ಅದಾದ ಮೇಲೆ ಶೇಕಡಾವಾರನ್ನು ಬಿಟ್ಟು, ನೂರು ಜನರಲ್ಲಿ ಎಷ್ಟಿದ್ದದ್ದು ಎಷ್ಟಾಯಿತು ಎಂದು ಕಾಗದದ ಮೇಲೆ ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಬೇಕಾದ ಅಂಕಿ ಪ್ರಬಂಧದಲ್ಲೇ ಸಿಗದಿದ್ದರೆ ಅದನ್ನೂ ಬರೆಯಬೇಕು. ಕೊನೆಗೆ, ಸುದ್ದಿಗೆ ಬಾರದ ಒಂದು ಫಲಿತಾಂಶವನ್ನು ಹೆಕ್ಕಿ, ಅದನ್ನೇ ತಲೆಬರಹ ಮಾಡಿದ್ದರೆ ಸುದ್ದಿ ಹೇಗಿರುತ್ತಿತ್ತು ಎಂದು ನೋಡಬೇಕು.

ಇಷ್ಟು ಮಾಡಲು ಅಂಕಿಅಂಶ ವಿಜ್ಞಾನದ ಪದವಿ ಬೇಕಿಲ್ಲ ಎಂಬುದನ್ನು ಮೇಲಿನ ಪ್ರಕರಣವೇ ತೋರಿಸುತ್ತದೆ. ಬೇಕಾದದ್ದು ಭಾಗಾಕಾರ ಮತ್ತು ಗುಣಾಕಾರ. ಇದಕ್ಕೆ ಎದುರಾಗುವ ಆಕ್ಷೇಪ ಒಂದೇ: ಹೀಗೆ ಬರೆದ ಉತ್ತರಪತ್ರಿಕೆಗಳನ್ನು ತಿದ್ದುವುದು ಕಷ್ಟ, ಸರಿ ತಪ್ಪು ಎಂದು ಗುರುತು ಹಾಕಿ ಅಂಕ ಕೂಡಿಸಲಾಗದು. ಆಕ್ಷೇಪ ನಿಜ. ಆದರೆ ತಿದ್ದುವವರ ಅನುಕೂಲಕ್ಕಾಗಿ ಉಳಿಸಿಕೊಂಡ ವಿಧಾನವನ್ನು ಸುದ್ದಿ ಪರೀಕ್ಷಿಸುವ ವಿಧಾನ ಎಂದು ಕಲಿಸುವುದನ್ನಾದರೂ ಶಿಕ್ಷಕರು ನಿಲ್ಲಿಸಬೇಕು. 20,000 ಎಂದು ಬರೆದು ಸರಿ ಗುರುತು ಪಡೆದ ವಿದ್ಯಾರ್ಥಿಗೆ 414ರ ವಿಷಯ ಗೊತ್ತಿಲ್ಲದಿದ್ದರೆ, ಆತ ಅಧ್ಯಯನವನ್ನು ಓದಿಲ್ಲ. ಅವನಿಗೆ ಅಂಕ ಕೊಡಬಾರದು.